ಚಳಿಯಲ್ಲಿ ಮೊಸರು ಯಾಕೆ ನೀರು ನೀರಾಗುತ್ತದೆ? ಗಟ್ಟಿ ಮೊಸರಿಗೆ ಏನು ಮಾಡಬೇಕು?

ನಾನು ಹುಟ್ಟಿ ಬೆಳೆದದ್ದು ರಾಯಚೂರು ಕಡೆ. ಅಲ್ಲಿ ಹೆಪ್ಪು ಹಾಕುವುದು ಒಂದು ಕೆಲಸ ಅಂತ ಯಾರಿಗೂ ಅನಿಸುವುದೇ ಇಲ್ಲ. ಹಾಲು ಕಾಯಿಸಿ, ಪೂರ್ತಿ ಆರಿದ ಮೇಲೆ ಒಂದು ತೊಟ್ಟು ಮೊಸರು ಬಿಟ್ಟು ತಟ್ಟೆ ಮುಚ್ಚಿದರೆ ಆಯಿತು. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹಾಕಿದ ಹೆಪ್ಪು ಮಧ್ಯಾಹ್ನದ ಊಟಕ್ಕೆ ಚಮಚ ನಿಲ್ಲುವ ಹಾಗೆ ಗಟ್ಟಿಯಾಗಿರುತ್ತಿತ್ತು. ಸಂಜೆವರೆಗೆ ಮರೆತರೆ ಹುಳಿ.

ಮದುವೆಯಾಗಿ ಮಡಿಕೇರಿಗೆ ಬಂದ ಮೇಲೆ ಮೊದಲ ಡಿಸೆಂಬರ್‌ನಲ್ಲಿ ಅದೇ ರೀತಿ ಹೆಪ್ಪು ಹಾಕಿದೆ. ಬೆಳಿಗ್ಗೆ ಪಾತ್ರೆ ಬಗ್ಗಿಸಿದರೆ ಮಜ್ಜಿಗೆ ಹಾಗೆ ಸುರಿಯಿತು. ಅವ್ವನಿಗೆ ಫೋನ್ ಮಾಡಿದೆ. "ಹೆಪ್ಪು ಕಮ್ಮಿ ಆಗೇದ, ಇನ್ನೊಂದೀಟು ಹಾಕವ್ವಾ" ಅಂದಳು. ಎರಡು ಚಮಚ ಹಾಕಿದೆ, ಮಾರನೇ ದಿನ ನಾಲ್ಕು. ನಾಲ್ಕು ಚಮಚ ಹಾಕಿದ ದಿನ ಮೊಸರು ಹುಳಿಯೂ ಆಗಿತ್ತು, ನೀರಾಗಿಯೂ ಇತ್ತು. ಎರಡೂ ತೊಂದರೆ ಒಟ್ಟಿಗೆ!

ಕೊನೆಗೆ ಒಂದು ಅಡುಗೆ ಥರ್ಮಾಮೀಟರ್ ತಂದು, ಹೆಪ್ಪು ಹಾಕಿದ ಹಾಲಿನ ಬಿಸಿಯನ್ನು ಗಂಟೆ ಗಂಟೆಗೆ ಅಳೆದು ನೋಡಿದೆ. ಆಗ ಗೊತ್ತಾಯಿತು, ತಪ್ಪು ಹೆಪ್ಪಿನದ್ದಲ್ಲ. ಅವ್ವ ಹೇಳಿಕೊಟ್ಟ ಪದ್ಧತಿಯಲ್ಲಿ ಅರ್ಧ ಕೆಲಸ ಮಾಡುತ್ತಿದ್ದದ್ದು ರಾಯಚೂರಿನ ಬಿಸಿಲು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ.

ಪಾತ್ರೆಯೊಳಗೆ ಆಗುವುದೇನು

ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಈ ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತವೆ, ಅದಕ್ಕೇ ಹಾಲು ಹಾಲಾಗಿ ಹರಿಯುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಹುಳಿ ಏರಿದಂತೆ ಆ ತಳ್ಳಾಟ ಕಡಿಮೆಯಾಗಿ, ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಬಲೆ ಕಟ್ಟುತ್ತವೆ. ಆ ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಕೊಂಡಿರುತ್ತದೆ. ಅದೇ ಗಟ್ಟಿ ಮೊಸರು.

ಹುಳಿಯನ್ನು ಪಿಎಚ್ ಲೆಕ್ಕದಲ್ಲಿ ಹೇಳುವುದಾದರೆ, ಹಾಲು 6.6ರ ಆಸುಪಾಸಿನಲ್ಲಿರುತ್ತದೆ. ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಚೆನ್ನಾಗಿ ಕುದಿಸಿದ ಹಾಲು 5.2ರ ಹತ್ತಿರ ಬಂದಾಗ ಬಲೆ ಕಟ್ಟಲು ಶುರುವಾಗುತ್ತದೆ. 4.6ಕ್ಕೆ ಇಳಿದಾಗ ಪೂರ್ತಿ ಬಿಗಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಸಿಗುವ ನೀರು ಮೊಸರು ಈ ದಾರಿಯಲ್ಲಿ ಎಲ್ಲೋ ಮಧ್ಯೆ ನಿಂತುಹೋದ ಮೊಸರು. ಕೆಟ್ಟಿಲ್ಲ, ಮುಗಿದಿಲ್ಲ ಅಷ್ಟೇ.

ಯಾಕೆ ನಿಲ್ಲುತ್ತದೆ? ಮನೆ ಹೆಪ್ಪಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರುವುದಿಲ್ಲ. ಕೆಲವು 40ರಿಂದ 45 ಡಿಗ್ರಿಯಲ್ಲಿ ಚುರುಕಾಗಿ ಕೆಲಸ ಮಾಡುವಂಥವು. ಇನ್ನು ಕೆಲವಕ್ಕೆ 25ರಿಂದ 30 ಡಿಗ್ರಿ ಹಿತ. ಆದರೆ 20ಕ್ಕಿಂತ ಕೆಳಗೆ ಹೋದರೆ ಎಲ್ಲವೂ ಮಂಕಾಗುತ್ತವೆ. ಸಾಯುವುದಿಲ್ಲ, ಚಳಿಗೆ ಮುದುಡಿ ಕೂತುಬಿಡುತ್ತವೆ. ಬಿಸಿ ಸರಿಯಾಗಿದ್ದರೆ ಐದಾರು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಚಳಿಯಲ್ಲಿ ಒಂದು ದಿನವೂ ಸಾಲದು.

ಒಂದು ರಾತ್ರಿಯ ಲೆಕ್ಕ

ನಾನು ಅಳೆದ ರಾತ್ರಿಯ ವಿಷಯ ಹೇಳುತ್ತೇನೆ. ಅಡುಗೆಮನೆಯಲ್ಲಿ 17 ಡಿಗ್ರಿ ಇತ್ತು. ಅರ್ಧ ಲೀಟರ್ ಹಾಲಿಗೆ ಸ್ಟೀಲ್ ಪಾತ್ರೆಯಲ್ಲಿ ಹೆಪ್ಪು ಹಾಕಿ, ಗ್ರಾನೈಟ್ ಕಟ್ಟೆ ಮೇಲೆ ಇಟ್ಟೆ. ರಾತ್ರಿ 10 ಗಂಟೆಗೆ ಹಾಲು 40 ಡಿಗ್ರಿ. 11ಕ್ಕೆ 33. 12ಕ್ಕೆ 28. ಬೆಳಿಗ್ಗೆ 6ಕ್ಕೆ 18. ಅಂದರೆ ಅಡುಗೆಮನೆಗಿಂತ ಹಾಲಿಗೆ ಹೆಚ್ಚಿದ್ದ 23 ಡಿಗ್ರಿ ಬಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಎರಡು ಗಂಟೆಯಲ್ಲೇ ಹೋಗಿತ್ತು. ಹೆಪ್ಪು ಹಾಲಿಗೆ ಹೊಂದಿಕೊಂಡು ಕೆಲಸಕ್ಕೆ ಇಳಿಯುವುದಕ್ಕೇ ಗಂಟೆ ಎರಡು ಗಂಟೆ ಬೇಕು. ಅದು ಏಳುವಷ್ಟರಲ್ಲಿ ಹಾಸಿಗೆ ತಣ್ಣಗಾಗಿತ್ತು.

ಮರುದಿನ ಅದೇ ಹಾಲು, ಅದೇ ಹೆಪ್ಪು, ಅದೇ ಅಳತೆ. ಆದರೆ ಈ ಸಲ ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದ ಹಾಟ್ ಬಾಕ್ಸ್ ಒಳಗೆ ಇಟ್ಟು, ಮೇಲೆ ಹಳೇ ಕಂಬಳಿ ಸುತ್ತಿದೆ. 10 ಗಂಟೆಗೆ 42 ಡಿಗ್ರಿ ಇತ್ತು. 12 ಗಂಟೆಗೆ 39. ಬೆಳಿಗ್ಗೆ 6ಕ್ಕೆ ಇನ್ನೂ 33 ಡಿಗ್ರಿ. ಪಾತ್ರೆ ಓರೆ ಮಾಡಿದರೆ ಮೊಸರು ಇಡಿಯಾಗಿ ಒಂದು ಬದಿಗೆ ವಾಲಿತು, ಹರಿಯಲಿಲ್ಲ.

ಈಗ ರಾಯಚೂರಿನ ಮೇ ತಿಂಗಳು ನೆನಪಿಸಿಕೊಳ್ಳಿ. ಅಲ್ಲಿ ರಾತ್ರಿಯೂ ಅಡುಗೆಮನೆ 32-33 ಡಿಗ್ರಿ ಇರುತ್ತದೆ. ಹಾಲು ಎಷ್ಟೇ ಆರಿದರೂ ಅದಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. ಊರೇ ಹಾಟ್ ಬಾಕ್ಸ್! "ಪೂರ್ತಿ ಆರಿದ ಮೇಲೆ ಹಾಕು" ಎನ್ನುವ ಅವ್ವನ ಮಾತು ಅಲ್ಲಿಗೆ ಸರಿ, ಇಲ್ಲಿಗೆ ತಪ್ಪು. ಬೆಂಗಳೂರಲ್ಲಿ, ಮೈಸೂರಲ್ಲಿ ಇರುವವರಿಗೂ ಡಿಸೆಂಬರ್, ಜನವರಿಯಲ್ಲಿ ಇದೇ ಕಥೆ. ಮಲೆನಾಡಿನವರಿಗೆ ಜುಲೈ ಮಳೆಯಲ್ಲೂ ಅದೇ.

ಈಗ ಕೆಲಸಕ್ಕೆ ಬರೋಣ. ಕೆಳಗಿನ ಅಳತೆಗಳೆಲ್ಲ ಅರ್ಧ ಲೀಟರ್ ಹಾಲಿಗೆ.

1. ಹಾಲನ್ನು ನಿಜವಾಗಿ ಕುದಿಸಿ

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಬಿಸಿ ಮಾಡಿದರೆ ಸಾಕು ಅಂತ ಹಲವರು ಅಂದುಕೊಂಡಿದ್ದಾರೆ. ಕುಡಿಯುವುದಕ್ಕೆ ಅದು ಸರಿ ಇರಬಹುದು, ಮೊಸರಿಗೆ ಸಾಲದು. ಹಾಲಿನಲ್ಲಿ ಕೇಸಿನ್ ಜೊತೆಗೆ ಹಾಲಿನ ತಿಳಿನೀರಿನಲ್ಲಿ ಕರಗಿರುವ ಬೇರೆ ಪ್ರೋಟೀನ್‌ಗಳೂ ಇವೆ. 80-90 ಡಿಗ್ರಿಯಲ್ಲಿ ಕೆಲವು ನಿಮಿಷ ಕಾದಾಗ ಅವು ಬಿಚ್ಚಿಕೊಂಡು ಕೇಸಿನ್ ಉಂಡೆಗಳಿಗೆ ಅಂಟಿಕೊಳ್ಳುತ್ತವೆ. ಆಗ ಬಲೆ ದಟ್ಟವಾಗುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಕಾಯದ ಹಾಲಿನ ಮೊಸರು ಬೇಸಿಗೆಯಲ್ಲೂ ಸಡಿಲವಾಗೇ ಇರುತ್ತದೆ.

ಆದ್ದರಿಂದ ಹಾಲು ಉಕ್ಕಿ ಬಂದ ಮೇಲೆ ಉರಿ ಸಣ್ಣ ಮಾಡಿ, ಎಂಟು ಹತ್ತು ನಿಮಿಷ ಹಾಗೇ ಬಿಡಿ. ಮಧ್ಯೆ ಮಧ್ಯೆ ಸೌಟಿನಿಂದ ತಿರುವುತ್ತಿರಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಸ್ವಲ್ಪ ನೀರು ಆವಿಯಾಗುವುದರಿಂದ ಹಾಲು ಒಂದಿಷ್ಟು ಮಂದವೂ ಆಗುತ್ತದೆ. ಅದೂ ಲಾಭವೇ.

ಹಾಲಿನ ವಿಷಯದಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ರಾಯಚೂರಿನಲ್ಲಿ ನಮ್ಮ ಮನೆಗೆ ಬರುತ್ತಿದ್ದದ್ದು ಎಮ್ಮೆ ಹಾಲು. ಅದರಲ್ಲಿ ಕೊಬ್ಬೂ ಜಾಸ್ತಿ, ಪ್ರೋಟೀನೂ ಜಾಸ್ತಿ. ಪ್ಯಾಕೆಟ್‌ನ ಟೋನ್ಡ್ ಹಾಲಿನಲ್ಲಿ ಕೊಬ್ಬು 3%. ನೀವು ಏನೇ ಸರ್ಕಸ್ ಮಾಡಿದರೂ ಟೋನ್ಡ್ ಹಾಲು ಎಮ್ಮೆ ಹಾಲಿನ ಮೊಸರಾಗುವುದಿಲ್ಲ. ಗಟ್ಟಿ ಮೊಸರೇ ಬೇಕೆಂದರೆ 6% ಕೊಬ್ಬಿರುವ ಫುಲ್ ಕ್ರೀಮ್ ಹಾಲು ತನ್ನಿ. ಅಥವಾ ಟೋನ್ಡ್ ಹಾಲಿಗೇ ಒಂದು ದೊಡ್ಡ ಚಮಚ ಹಾಲಿನ ಪುಡಿಯನ್ನು, ಹಾಲು ಇನ್ನೂ ತಣ್ಣಗಿರುವಾಗ ಗಂಟಿಲ್ಲದ ಹಾಗೆ ಕದಡಿ, ಆಮೇಲೆ ಕಾಯಿಸಿ. ಅದಕ್ಕಿಂತ ಜಾಸ್ತಿ ಹಾಕಬೇಡಿ, ಪುಡಿಯ ವಾಸನೆ ಬರುತ್ತದೆ.

2. ಬಿಸಿ ನೋಡುವಾಗ ಬೆರಳನ್ನು ನಂಬಬೇಡಿ

ಚಳಿಗಾಲದಲ್ಲಿ ಜನ ಅತಿ ಹೆಚ್ಚು ತಪ್ಪುವುದು ಇಲ್ಲೇ. "ಉಗುರು ಬೆಚ್ಚಗೆ ಇದ್ದಾಗ ಹೆಪ್ಪು ಹಾಕಿ" ಎನ್ನುತ್ತಾರೆ. ಆದರೆ ಚಳಿಯಲ್ಲಿ ನಮ್ಮ ಬೆರಳೇ ತಣ್ಣಗಿರುತ್ತದೆ. ನಲ್ಲಿ ನೀರಿನಲ್ಲಿ ಪಾತ್ರೆ ತೊಳೆದು ಬಂದ ಬೆರಳಿಗೆ 34 ಡಿಗ್ರಿ ಹಾಲೂ ಚೆನ್ನಾಗಿ ಬಿಸಿ ಅನಿಸುತ್ತದೆ. ನೀವು ಇನ್ನೂ ಆರಲಿ ಅಂತ ಕಾಯುತ್ತೀರಿ. ಹೆಪ್ಪು ಬೀಳುವಾಗ ಹಾಲು 30ಕ್ಕೆ ಇಳಿದಿರುತ್ತದೆ. ಬೇಸಿಗೆಯಲ್ಲಿ ಇದೇ ಬೆರಳು ಸರಿಯಾಗೇ ಹೇಳುತ್ತಿತ್ತು.

ಚಳಿಯಲ್ಲಿ ಬೇಕಾದದ್ದು 42-43 ಡಿಗ್ರಿ. ಥರ್ಮಾಮೀಟರ್ ಇದ್ದರೆ ವಾದವೇ ಇಲ್ಲ. ಇಲ್ಲದಿದ್ದರೆ ಚೊಕ್ಕ ಚಮಚದಲ್ಲಿ ಎರಡು ಹನಿ ಹಾಲು ತೆಗೆದು ಮಣಿಕಟ್ಟಿನ ಒಳಬದಿಗೆ ಬಿಟ್ಟುಕೊಳ್ಳಿ. ಮಗುವಿನ ಹಾಲು ನೋಡುತ್ತೇವಲ್ಲ, ಹಾಗೆ. ಮಗುವಿನ ಹಾಲು ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನಿಸಬೇಕು. ಅದು ಮೈ ಬಿಸಿ, 37ರ ಹತ್ತಿರ. ಹೆಪ್ಪಿನ ಹಾಲು ಅದಕ್ಕಿಂತ ಒಂದು ಮೆಟ್ಟಿಲು ಮೇಲಿರಬೇಕು. "ಬಿಸಿ ಇದೆ" ಅಂತ ಸ್ಪಷ್ಟವಾಗಿ ಗೊತ್ತಾಗಬೇಕು, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಹಾಗಿರಬಾರದು. ನೋಡುವ ಮೊದಲು ಹಾಲನ್ನು ಒಮ್ಮೆ ತಿರುವಿ. ಕೆನೆ ಕೆಳಗೆ ಬಿಸಿ ಅಡಗಿ ಕೂತಿರುತ್ತದೆ.

ಹಾಗಂತ ಅವಸರಕ್ಕೆ 50 ಡಿಗ್ರಿ ದಾಟಿದ ಹಾಲಿಗೆ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಬೆಂದು ಹೋಗುತ್ತದೆ. ಆಗ ಬೆಳಿಗ್ಗೆ ಸಿಗುವುದು ತಳದಲ್ಲಿ ನಾಲ್ಕು ಬಿಳಿ ಕಣ, ಮೇಲೆ ಹಾಲು.

3. ಹೆಪ್ಪು ಎಷ್ಟು, ಎಂಥದ್ದು

ಬೇಸಿಗೆಯಲ್ಲಿ ಅರ್ಧ ಲೀಟರ್‌ಗೆ ಅರ್ಧ ಸಣ್ಣ ಚಮಚ ಸಾಕು. ಚಳಿಯಲ್ಲಿ ಎರಡು ಸಣ್ಣ ಚಮಚ ಹಾಕಿ. ಅಲ್ಲಿಗೆ ನಿಲ್ಲಿಸಿ. ನಾನು ನಾಲ್ಕು ದೊಡ್ಡ ಚಮಚ ಹಾಕಿದ ದಿನ ಆದದ್ದೇನು ಅಂತ ಆಮೇಲೆ ಲೆಕ್ಕ ಹಾಕಿದೆ. ಅಷ್ಟು ಹೆಪ್ಪು ಸುಮಾರು 60 ಗ್ರಾಂ. ಅದು ಫ್ರಿಜ್‌ನಿಂದ ತೆಗೆದದ್ದು, 5 ಡಿಗ್ರಿ. 42 ಡಿಗ್ರಿ ಇರುವ ಹಾಲೂ ಅದು ಬಿದ್ದ ಕೂಡಲೇ 38ಕ್ಕೆ ಇಳಿಯುತ್ತದೆ. ಮೇಲಾಗಿ ಹೆಪ್ಪಿನಲ್ಲೇ ಇದ್ದ ಹುಳಿ ಹಾಲಿಗೆ ಸೇರುತ್ತದೆ. ಹಳೇ ಮೊಸರಿನ ಒಡೆದ ಬಲೆಯ ಚೂರುಗಳೂ ಸೇರುತ್ತವೆ, ಅವು ಮತ್ತೆ ಕೂಡಿಕೊಳ್ಳುವುದಿಲ್ಲ. ಹುಳಿ ಹುಳಿ, ತರಿ ತರಿ, ನೀರು ನೀರು. ಬೆಂಕಿ ಇಲ್ಲದ ಒಲೆ ಮೇಲೆ ನಾಲ್ಕು ಅಡುಗೆಯವರನ್ನು ನಿಲ್ಲಿಸಿದರೂ ಅನ್ನ ಬೇಯುವುದಿಲ್ಲ, ಅಲ್ವಾ?

ಎಷ್ಟು ಅನ್ನುವುದಕ್ಕಿಂತ ಎಂಥ ಹೆಪ್ಪು ಅನ್ನುವುದು ಮುಖ್ಯ. ನಿನ್ನೆ ಅಥವಾ ಮೊನ್ನೆ ಹೆಪ್ಪುಗಟ್ಟಿದ, ಸಿಹಿ ಹುಳಿ ರುಚಿಯ ಮೊಸರು ಬೇಕು. ವಾರದಿಂದ ಫ್ರಿಜ್‌ನಲ್ಲಿ ಕೂತದ್ದು ಬೇಡ. ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಿ. ಮೇಲಿನ ಕೆನೆ ಬಿಟ್ಟು ಒಳಗಿನಿಂದ ತೆಗೆದು, ಸಣ್ಣ ಬಟ್ಟಲಲ್ಲಿ ಚಮಚದಿಂದ ನುಣ್ಣಗೆ ಕಡೆಯಿರಿ. ಅದಕ್ಕೆ ನಾಲ್ಕು ಚಮಚ ಬಿಸಿ ಹಾಲು ಸೇರಿಸಿ ತೆಳ್ಳಗೆ ಮಾಡಿ. ಆಮೇಲೆ ಅದನ್ನು ಹಾಲಿಗೆ ಸುರಿದು ತಳದವರೆಗೂ ತಿರುವಿ. ಹೆಪ್ಪನ್ನು ಸುಮ್ನೆ ಒಂದು ಮೂಲೆಗೆ ಬಿಟ್ಟರೂ ಬೇಸಿಗೆಯಲ್ಲಿ ನಡೆಯುತ್ತದೆ. ಚಳಿಯಲ್ಲಿ ಆ ಮೂಲೆ ಮಾತ್ರ ಗಟ್ಟಿಯಾಗಿ ಉಳಿದದ್ದು ಹಾಲಾಗೇ ಉಳಿಯುತ್ತದೆ.

ಹೆಪ್ಪಿಗೆ ಮೊಸರೇ ಇಲ್ಲದಾಗ ಹಸಿಮೆಣಸಿನಕಾಯಿ ತೊಟ್ಟು ಹಾಕುವವರಿದ್ದಾರೆ. ತೊಟ್ಟಿನ ಮೇಲೂ ಹಾಲು ಹುಳಿ ಮಾಡುವ ಬ್ಯಾಕ್ಟೀರಿಯಾ ಇರುವುದರಿಂದ ಸೆಕೆಯಲ್ಲಿ ಅದು ನಡೆಯುತ್ತದೆ. ಚಳಿಯಲ್ಲಿ ಅದನ್ನು ನಂಬಿ ಕೂರಬೇಡಿ. ಪಕ್ಕದ ಮನೆಯವರ ಹತ್ತಿರ ಒಂದು ಚಮಚ ಮೊಸರು ಕೇಳಿ ತನ್ನಿ.

4. ಪಾತ್ರೆಗೂ ಚಳಿ ಆಗುತ್ತದೆ

ಮಣ್ಣಿನ ಕುಡಿಕೆಯಲ್ಲಿ, ಕಲ್ಲಿನ ಮರಿಗೆಯಲ್ಲಿ ಮೊಸರು ಗಟ್ಟಿಯಾಗುತ್ತದೆ ಎಂದು ಕೇಳಿರುತ್ತೀರಿ. ಮಣ್ಣಿನ ಕುಡಿಕೆ ಒಂದಿಷ್ಟು ನೀರನ್ನು ಹೀರಿಕೊಳ್ಳುವುದರಿಂದ ಅದು ನಿಜ. ಆದರೆ ಚಳಿಗಾಲದಲ್ಲಿ ಅದೇ ಪಾತ್ರೆ ವೈರಿಯಾಗಬಹುದು. ಕಲ್ಲು ದಪ್ಪ, ಭಾರ. ನಮ್ಮ ಅತ್ತೆಯ ಹಳೇ ಮರಿಗೆ ಒಂದೂವರೆ ಕಿಲೋ ತೂಗುತ್ತದೆ. 17 ಡಿಗ್ರಿಯಲ್ಲಿ ಕೂತಿದ್ದ ಆ ಮರಿಗೆಗೆ 42 ಡಿಗ್ರಿಯ ಅರ್ಧ ಲೀಟರ್ ಹಾಲು ಸುರಿದರೆ, ಕಲ್ಲು ಬೆಚ್ಚಗಾಗುವಷ್ಟರಲ್ಲಿ ಹಾಲು 32ರ ಆಸುಪಾಸಿಗೆ ಇಳಿದುಬಿಡುತ್ತದೆ. ಹಾಲಿನ ಬಿಸಿಯೆಲ್ಲ ಕಲ್ಲಿನ ಹೊಟ್ಟೆಗೆ!

ಪರಿಹಾರ ಸುಲಭ. ಹಾಲು ಆರುತ್ತಿರುವಾಗಲೇ ಪಾತ್ರೆಯ ತುಂಬ ಬಿಸಿನೀರು ಹಾಕಿಡಿ. ಹೆಪ್ಪು ಹಾಕುವ ಹೊತ್ತಿಗೆ ನೀರು ಚೆಲ್ಲಿ, ಒರೆಸಿ, ಹಾಲು ಸುರಿಯಿರಿ. ಕುದಿಯುವ ನೀರು ಬೇಡ, ಮಣ್ಣಿನದ್ದು ಬಿರುಕು ಬಿಡಬಹುದು. ಸ್ನಾನದ ನೀರಿಗಿಂತ ತುಸು ಬಿಸಿ ಇದ್ದರೆ ಸಾಕು. ಹೀಗೆ ಬೆಚ್ಚಗೆ ಮಾಡಿದ ಮರಿಗೆ ಆಮೇಲೆ ನಿಮ್ಮ ಕಡೆಗೇ ಬರುತ್ತದೆ, ಬಿಸಿಯನ್ನು ನಿಧಾನಕ್ಕೆ ಬಿಡುತ್ತದೆ.

ಸ್ಟೀಲ್ ಪಾತ್ರೆ ಹಗುರ. ಅದು ಮೊದಲಿಗೆ ಒಂದೆರಡು ಡಿಗ್ರಿ ಮಾತ್ರ ಕಸಿಯುತ್ತದೆ. ಆದರೆ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ. ಅದಕ್ಕೆ ಹೊದಿಕೆ ಬೇಕೇ ಬೇಕು. ಯಾವ ಪಾತ್ರೆಯಾದರೂ ಗ್ರಾನೈಟ್ ಕಟ್ಟೆ ಮೇಲೆ ನೇರ ಇಡಬೇಡಿ. ಮಡಚಿದ ಬಟ್ಟೆಯೋ ಮರದ ಮಣೆಯೋ ಕೆಳಗಿರಲಿ.

5. ರಾತ್ರಿಯಿಡೀ ಬಿಸಿ ಹಿಡಿದಿಡುವುದು

ಹೊದಿಕೆ ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಕಾಯುತ್ತದೆ. ತಣ್ಣಗಿನ ಹಾಲಿಗೆ ಎಷ್ಟು ಕಂಬಳಿ ಹೊದಿಸಿದರೂ ಅದು ತಣ್ಣಗೇ ಇರುತ್ತದೆ. ಆದ್ದರಿಂದ ಹೆಪ್ಪು ಹಾಕಿದ ಕೂಡಲೇ ಹೊದಿಸಿ, ಆಮೇಲೆ ನೋಡೋಣ ಅಂತ ಬಿಡಬೇಡಿ.

ನನಗೆ ಒಗ್ಗಿದ್ದು ಹಾಟ್ ಬಾಕ್ಸ್. ಚಪಾತಿ ಇಡುತ್ತೇವಲ್ಲ, ಅದೇ. ಒಳಗೆ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ. ಮೊಸರಿನ ಪಾತ್ರೆಯನ್ನು ಒಳಗಿಟ್ಟು, ಸುತ್ತ ಜಾಗ ಉಳಿದರೆ ಬಟ್ಟೆ ತುರುಕಿ, ಮುಚ್ಚಿ. ಹಾಲನ್ನು ನೇರವಾಗಿ ಹಾಟ್ ಬಾಕ್ಸ್‌ಗೇ ಸುರಿದು ಹೆಪ್ಪು ಹಾಕಿದರೂ ಆಗುತ್ತದೆ.

ಹಾಟ್ ಬಾಕ್ಸ್ ಇಲ್ಲದಿದ್ದರೆ ಪ್ರೆಶರ್ ಕುಕ್ಕರ್ ಇದೆಯಲ್ಲ. ತಳಕ್ಕೆ ಎರಡು ಲೋಟ ಬಿಸಿನೀರು ಹಾಕಿ. ಈ ನೀರು 45 ಡಿಗ್ರಿ ಸುತ್ತಮುತ್ತ ಇರಲಿ. ಮೊಸರಿನ ಪಾತ್ರೆಯನ್ನು ಅದರಲ್ಲಿ ಕೂರಿಸಿ, ಮುಚ್ಚಳ ಹಾಕಿ, ಮೇಲೆ ದಪ್ಪ ಟವೆಲ್ ಸುತ್ತಿ. ಒಲೆ ಹೊತ್ತಿಸಬೇಡಿ. ಒಲೆ ಹೊತ್ತಿಸಿ ಮೊಸರನ್ನು ಪನೀರ್ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಇನ್ನೊಂದು ಹಳೇ ಉಪಾಯ ಅಕ್ಕಿ ಡಬ್ಬ. ಪಾತ್ರೆಯನ್ನು ಅಕ್ಕಿಯೊಳಗೆ ಅರ್ಧ ಹೂತಿಟ್ಟರೆ ಅಕ್ಕಿಯೇ ಹೊದಿಕೆ.

ನಮ್ಮ ಅತ್ತೆ ಮಾಡುತ್ತಿದ್ದದ್ದು ಇದಕ್ಕಿಂತ ಸಲೀಸು. ಬಚ್ಚಲು ಮನೆಯ ನೀರೊಲೆ ಸಂಜೆ ಉರಿದು ಆರಿದ ಮೇಲೂ ಅದರ ಕಟ್ಟೆ ಮಧ್ಯರಾತ್ರಿವರೆಗೆ ಬೆಚ್ಚಗಿರುತ್ತದೆ. ಮೊಸರಿನ ಪಾತ್ರೆ ಅಲ್ಲಿಗೆ ಹೋಗುತ್ತಿತ್ತು. ಕೈ ಇಟ್ಟರೆ ಹಿತವಾಗಿ ಬೆಚ್ಚಗಿರುವ ಜಾಗ ಬೇಕು, ಸುಡುವ ಜಾಗ ಅಲ್ಲ. 45ರ ಮೇಲೆ ನಿಂತರೆ ಮೊಸರು ಬೇಗ ಹುಳಿಯಾಗಿ, ಬಲೆ ಕುಗ್ಗಿ ನೀರು ಬಿಡುತ್ತದೆ.

6. ಕೈ ಕಟ್ಟಿಕೊಂಡು ಕೂರುವುದು

ಬಲೆ ಕಟ್ಟುತ್ತಿರುವ ಹೊತ್ತಿನಲ್ಲಿ ಪಾತ್ರೆ ಅಲುಗಿದರೆ ಅದು ಹರಿಯುತ್ತದೆ. ಹರಿದ ಬಲೆ ಮತ್ತೆ ಮೊದಲಿನ ಹಾಗೆ ಕೂಡುವುದಿಲ್ಲ. ಆಯಿತಾ ಅಂತ ಗಂಟೆಗೊಮ್ಮೆ ಮುಚ್ಚಳ ತೆಗೆದು ಚಮಚ ಆಡಿಸುವವರ ಮೊಸರು ಯಾವತ್ತೂ ನೀರೇ. ಹೊದಿಸಿಟ್ಟ ಪಾತ್ರೆಯನ್ನು ಏಳೆಂಟು ಗಂಟೆ ಮುಟ್ಟಬೇಡಿ. ರಾತ್ರಿ 10ಕ್ಕೆ ಹಾಕಿದರೆ ಬೆಳಿಗ್ಗೆ ಎದ್ದ ಮೇಲೆ ನೋಡಿದರೆ ಸಾಕು.

ನೋಡುವಾಗ ಚಮಚ ಬೇಡ, ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿ. ಅಂಚು ಬಿಟ್ಟುಕೊಂಡು ಇಡೀ ಮೊಸರು ಒಂದೇ ಗಡ್ಡೆಯಾಗಿ ವಾಲಿದರೆ ಆಗಿದೆ. ಕೂಡಲೇ ತಿನ್ನಲು ತೆಗೆಯದೆ ಮೂರು ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ತಣ್ಣಗಾದಾಗ ಬಲೆ ಇನ್ನೂ ಬಿಗಿಯುತ್ತದೆ. ಬೆಚ್ಚಗಿರುವಾಗ ಸಡಿಲ ಅನಿಸಿದ ಮೊಸರು ಮಧ್ಯಾಹ್ನಕ್ಕೆ ಗಟ್ಟಿ ಅನಿಸುವುದು ಇದರಿಂದಲೇ.

ಬೆಳಿಗ್ಗೆ ನೋಡಿದರೆ ನೀರು ನೀರು. ಈಗೇನು?

ಮೊದಲು ಮೂಸಿ ನೋಡಿ. ಕೆಟ್ಟ ವಾಸನೆ ಇದ್ದರೆ, ಮೇಲೆ ಗುಲಾಬಿ ಅಥವಾ ಕಪ್ಪು ಚುಕ್ಕಿ ಇದ್ದರೆ ಯೋಚನೆ ಮಾಡದೆ ಚೆಲ್ಲಿ. ವಾಸನೆ ಸರಿ ಇದ್ದರೆ ಅಂಚಿನಿಂದ ಅರ್ಧ ಚಮಚ ತೆಗೆದು ನಾಲಿಗೆಗೆ ಹಾಕಿಕೊಳ್ಳಿ. ಏನು ತಪ್ಪಾಗಿದೆ ಎಂದು ರುಚಿಯೇ ಹೇಳುತ್ತದೆ.

ಹಾಲಿನ ಸಿಹಿ ಇನ್ನೂ ಇದೆ, ಹುಳಿ ಇಲ್ಲವೇ ಇಲ್ಲ ಅಥವಾ ಲೇಶ ಮಾತ್ರ ಇದೆ ಅಂದರೆ ಬಿಸಿ ಸಾಲಲಿಲ್ಲ. ಇದನ್ನು ಉಳಿಸಿಕೊಳ್ಳಬಹುದು. ಅಗಲವಾದ ಪಾತ್ರೆಯಲ್ಲಿ 45 ಡಿಗ್ರಿಯ ನೀರು ತೆಗೆದುಕೊಂಡು, ಮೊಸರಿನ ಪಾತ್ರೆಯನ್ನು ಅಲುಗಿಸದೆ ಅದರೊಳಗೆ ಇಳಿಸಿ. ನೀರು ಹಾಲಿನ ಮಟ್ಟಕ್ಕೆ ಬರಬೇಕು. ಮೇಲೆ ಮುಚ್ಚಿ, ಹೊದಿಸಿ. ಮುಕ್ಕಾಲು ಗಂಟೆಗೊಮ್ಮೆ ಹೊರಗಿನ ನೀರನ್ನು ಮಾತ್ರ ಬದಲಿಸಿ. ಎರಡು ಮೂರು ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಇದು ಕೈ ಹಿಡಿದಿದೆ. ಒಲೆ ಮೇಲಿಟ್ಟು ಬಿಸಿ ಮಾಡಬೇಡಿ, ತಳ ಒಡೆದು ನೀರು ಬೇರೆಯಾಗುತ್ತದೆ. ಇನ್ನೊಂದು ಚಮಚ ಹೆಪ್ಪು ಹಾಕಿ ತಿರುವಲೂ ಹೋಗಬೇಡಿ. ಅಷ್ಟೋ ಇಷ್ಟೋ ಕಟ್ಟಿದ್ದ ಬಲೆಯೂ ಹರಿಯುತ್ತದೆ.

ಹುಳಿ ಚೆನ್ನಾಗೇ ಬಂದಿದೆ, ಆದರೂ ತೆಳು ಅಂದರೆ ಬಿಸಿ ಸರಿಯಾಗಿತ್ತು. ಹಾಲು ತೆಳು ಇತ್ತು, ಅಥವಾ ಸಾಕಷ್ಟು ಕುದಿಸಿರಲಿಲ್ಲ, ಅಥವಾ ಯಾರೋ ಪಾತ್ರೆ ಅಲುಗಿಸಿದ್ದಾರೆ. ಇನ್ನು ಬಿಸಿ ಕೊಟ್ಟರೆ ಹುಳಿ ಹೆಚ್ಚುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಇವತ್ತಿಗೆ ಮಜ್ಜಿಗೆ ಹುಳಿ ಮಾಡಿ, ಇಲ್ಲವೇ ತಂಬುಳಿಗೆ ಬಳಸಿ. ಗಟ್ಟಿ ಮೊಸರೇ ಬೇಕೆಂದರೆ ತೆಳು ಬಟ್ಟೆಯಲ್ಲಿ ಸುರಿದು ಒಂದು ಗಂಟೆ ಸೋಸಿ.

ಚಮಚ ಎತ್ತಿದರೆ ನೂಲು ನೂಲಾಗಿ ಲೋಳೆ ಬರುತ್ತದೆ ಅಂದರೆ ತೊಂದರೆ ಹೆಪ್ಪಿನಲ್ಲಿದೆ. ಹಾಲು ಹುಳಿ ಮಾಡುವ ಕೆಲವು ಬ್ಯಾಕ್ಟೀರಿಯಾಗಳು ಆಮ್ಲದ ಜೊತೆಗೆ ಅಂಟನ್ನೂ ಬಿಡುತ್ತವೆ. ಇವುಗಳಲ್ಲಿ ಹಲವಕ್ಕೆ ತಣ್ಣನೆ ಹಾಲೇ ಇಷ್ಟ. ತಿಂಗಳುಗಟ್ಟಲೆ ಚಳಿಯಲ್ಲೇ ಹೆಪ್ಪು ಹಾಕುತ್ತ ಹೋದರೆ ಬಿಸಿ ಬಯಸುವವು ಕಡಿಮೆಯಾಗಿ ಇಂಥವೇ ಮನೆ ತುಂಬಿಕೊಳ್ಳುತ್ತವೆ. ಆಗ ಆ ಹೆಪ್ಪನ್ನು ಬಿಟ್ಟು ಬೇರೆ ಮನೆಯ ಒಳ್ಳೇ ಮೊಸರು ತನ್ನಿ. ಮೊದಲ ದಿನವೇ ಅರ್ಧ ಲೀಟರ್‌ಗೆ ಹಾಕಬೇಡಿ. ಒಂದು ಲೋಟ ಹಾಲಿಗೆ ಒಂದು ಚಮಚ ಹಾಕಿ, 42 ಡಿಗ್ರಿಯಲ್ಲಿ ಹೊದಿಸಿಡಿ. ಹೆಪ್ಪುಗಟ್ಟಿದ ಮೊಸರಿನಿಂದ ಮತ್ತೆ ಒಂದು ಲೋಟ. ಎರಡನೇ ಲೋಟ ಆರು ಗಂಟೆಯೊಳಗೆ ಗಟ್ಟಿಯಾದರೆ ಹೆಪ್ಪು ಪಳಗಿದೆ, ಇನ್ನು ದೊಡ್ಡ ಪಾತ್ರೆಗೆ ಬಳಸಬಹುದು. ಪಾತ್ರೆ, ಚಮಚ, ಹೆಪ್ಪಿನ ಬಟ್ಟಲು ಎಲ್ಲವನ್ನೂ ಕುದಿಯುವ ನೀರಲ್ಲಿ ತೊಳೆದೇ ಶುರು ಮಾಡಿ, ಇಲ್ಲದಿದ್ದರೆ ಹಳೇ ಲೋಳೆ ವಾಪಸ್ ಬರುತ್ತದೆ.

ಇನ್ನೊಂದು. ಈ ಏರ್ಪಾಟನ್ನೆಲ್ಲ ಫೆಬ್ರವರಿ ಕೊನೆಗೆ ಒಂದೊಂದಾಗಿ ಬಿಚ್ಚಬೇಕು. ಮೊದಲು ಕಂಬಳಿ ತೆಗೆಯಿರಿ, ಆಮೇಲೆ ಹಾಟ್ ಬಾಕ್ಸ್, ಆಮೇಲೆ ಹೆಪ್ಪನ್ನು ಎರಡು ಚಮಚದಿಂದ ಅರ್ಧ ಚಮಚಕ್ಕೆ ಇಳಿಸಿ. ಹೋದ ವರ್ಷ ಯುಗಾದಿಗೆ ರಾಯಚೂರಿಗೆ ಹೋದವಳು ಅಭ್ಯಾಸ ಬಲದಿಂದ ಅಲ್ಲೂ ಹಾಲಿಗೆ ಎರಡು ಚಮಚ ಹೆಪ್ಪು ಹಾಕಿ ಹಾಟ್ ಬಾಕ್ಸ್‌ನಲ್ಲಿಟ್ಟೆ. ಬೆಳಿಗ್ಗೆ ಮೇಲೆ ಎರಡು ಬೆರಳು ನೀರು, ಕೆಳಗೆ ಹಲ್ಲು ಚುಳ್ಳೆನ್ನುವ ಹುಳಿ. ಅವ್ವ ಪಾತ್ರೆ ನೋಡಿ, "ಇದಕ್ಕ ಯಾಕ ಚಾದರ ಹೊಚ್ಚೀದಿ, ಜ್ವರಾ ಬಂದಾವೇನು?" ಅಂತ ಕೇಳಿದಳು.